ನಾಲ್ಕು ಸಾಲಿನ ಹೆಗ್ಗಣ

ಪತ್ರಕರ್ತರಿಗೆ ಸಣ್ಣ ಕಂಪನಿಯವರು ಬರೆಯುವ ಪತ್ರದಲ್ಲಿ ನನಗೆ ಮೆಚ್ಚುಗೆಯಾಗುವುದು ಮಾತಿನ ಜಿಪುಣತನ. ತಿರುವನಂತಪುರದ ಜೆನ್‌ರೋಬೋಟಿಕ್ಸ್‌ನ ಯುವ ಎಂಜಿನಿಯರರು 2018ರಲ್ಲಿ ಮ್ಯಾನ್‌ಹೋಲ್ ಶುಚಿ ಮಾಡುವ ರೋಬೋಟ್ ತಂದರು. ಹೆಸರು ಬ್ಯಾಂಡಿಕೂಟ್, ಅಂದರೆ ನಮ್ಮ ಹೆಗ್ಗಣ. ಅದನ್ನು ಹಿಡಿದು ನಾನೇ ಒಂದು ಮಾದರಿ ಪತ್ರ ಬರೆದು ನೋಡಿದೆ:

“ಈ ಮ್ಯಾನ್‌ಹೋಲಿಗೆ ನಾಳೆ ಮನುಷ್ಯ ಇಳಿಯುವುದಿಲ್ಲ. ಯಂತ್ರ ಇಳಿದು ಹೂಳನ್ನು ಬಕೆಟ್ಟಿಗೆ ತುಂಬುತ್ತದೆ. ಕೆಲಸಗಾರ ಮೇಲೆ ನಿಂತು, ಪರದೆ ನೋಡುತ್ತ ಅದನ್ನು ನಡೆಸುತ್ತಾನೆ. ಬೆಳಿಗ್ಗೆ ಏಳಕ್ಕೆ ಬಂದರೆ ನೋಡಬಹುದು, ಅವನನ್ನೇ ಮಾತಾಡಿಸಬಹುದು.”

ಮೊದಲ ಕರಡಿನಲ್ಲಿ ‘ಇನ್ನು ಯಾರೂ ಮ್ಯಾನ್‌ಹೋಲಿಗೆ ಇಳಿಯಬೇಕಿಲ್ಲ’ ಎಂದಿತ್ತು. ಓದುವವರನ್ನು ಹಿಡಿಯುವ ಕೊಕ್ಕೆ ಚೂಪಾಗಿತ್ತು, ಆದರೆ ಮಾತು ಸುಳ್ಳು. ‘ಎಲ್ಲ ಊರಲ್ಲೂ?’ ಎಂದು ವರದಿಗಾರ ಕೇಳಿದರೆ ಪತ್ರ ಅಲ್ಲೇ ಮುಗಿಯಿತು. ‘ಈ’ ಮತ್ತು ‘ನಾಳೆ’ ಸೇರಿದ ಮೇಲೆ ಮಾತು ಚಿಕ್ಕದಾಯಿತು, ಗಟ್ಟಿಯೂ ಆಯಿತು. ‘ಕ್ರಾಂತಿಕಾರಿ’ ಎಂಬ ಪದ, ಸ್ಥಾಪಕರ ಕಾಲೇಜು, ಪ್ರಶಸ್ತಿಗಳು ಎಲ್ಲ ಉದುರಿದವು. ಕಂಪನಿಯ ಹೆಸರು ಸಹಿಯ ಕೆಳಗೆ ಹೋಯಿತು. ಹೆಸರಿಲ್ಲದೆಯೂ ಸುದ್ದಿ ಉಳಿದರೆ ಕೊಕ್ಕೆ ಸರಿಯಿದೆ ಎಂದರ್ಥ.

ಇದೇ ಪತ್ರವನ್ನು ಕೊಚ್ಚಿಯ ವಾಣಿಜ್ಯ ವರದಿಗಾರರಿಗೆ ಕಳಿಸಿದರೆ ಕೆಲಸ ಮಾಡದು. ಅವರಿಗೆ ಬೇಕಾದದ್ದು ಮ್ಯಾನ್‌ಹೋಲಿನ ದೃಶ್ಯವಲ್ಲ, ಯಂತ್ರವನ್ನು ಕೊಂಡವರು ಯಾರು, ಎಷ್ಟಕ್ಕೆ ಎಂಬುದು. ಹಾಗಾಗಿ ಮೊದಲ ಸಾಲನ್ನೇ ಬದಲಿಸಬೇಕು. ಹೆಗ್ಗಣ ಒಂದೇ, ಬಿಲದ ಬಾಯಿ ಬೇರೆ.