ಒಂದೇ ದರದೊಳಗೆ ಎರಡು ಲೆಕ್ಕ

ಮಕ್ಕಳ ಬಟ್ಟೆ, ಆಟಿಕೆ ಮಾರುವ ಪುಣೆಯ ಫಸ್ಟ್‌ಕ್ರೈ 2024ರ ಆಗಸ್ಟ್‌ನಲ್ಲಿ ಷೇರುಪೇಟೆಗೆ ಬಂತು. 2010ರಲ್ಲಿ ಸುಪಮ್ ಮಹೇಶ್ವರಿ ಮತ್ತು ಅಮಿತಾವ ಸಾಹಾ ಶುರುಮಾಡಿದ ಈ ಕಂಪನಿಯಲ್ಲಿ ರತನ್ ಟಾಟಾ 2016ರಲ್ಲಿ 66 ಲಕ್ಷ ರೂಪಾಯಿ ಹಾಕಿದ್ದರು. ಅವರ ಬಳಿಯಿದ್ದ 77,900 ಷೇರುಗಳಿಗೆ ತಲಾ 84.72 ರೂಪಾಯಿ ಬಿದ್ದಿತ್ತು. ಐಪಿಒ ಬೆಲೆ 465 ರೂಪಾಯಿ. ಆ ಬೆಲೆಗೆ ಅವರ ಪಾಲು ಸುಮಾರು 3.62 ಕೋಟಿಯಾಯಿತು. ಐದೂವರೆ ಪಟ್ಟು ಎಂದರೆ ದೊಡ್ಡ ಗೆಲುವೇ. ಆದರೆ ಎಂಟೂವರೆ ವರ್ಷಕ್ಕೆ ಹಂಚಿ ಚಕ್ರಬಡ್ಡಿಯ ಲೆಕ್ಕದಲ್ಲಿ ನೋಡಿದರೆ ಅದು ವರ್ಷಕ್ಕೆ ಶೇಕಡಾ 22ರಷ್ಟು ಲಾಭ.

ಸ್ಟಾರ್ಟಪ್‌ಗೆ ಬೆಲೆ ಕಟ್ಟುವಾಗ ವೆಂಚರ್ ಕ್ಯಾಪಿಟಲ್ ಹೂಡಿಕೆದಾರರು ಬಳಸುವ ಪದ್ಧತಿಯಲ್ಲಿ ಈ ದರಕ್ಕೆ ಜಾಗವೇ ಇಲ್ಲ. ಆಗತಾನೇ ಹುಟ್ಟಿದ ಕಂಪನಿಗೆ ಶೇಕಡಾ 50ರಿಂದ 70, ಸ್ವಲ್ಪ ಬೆಳೆದದ್ದಕ್ಕೆ 35ರಿಂದ 50, ಷೇರುಪೇಟೆಯ ಬಾಗಿಲಿಗೆ ಬಂದದ್ದಕ್ಕೂ 25ರಿಂದ 35: ಪಠ್ಯಗಳಲ್ಲಿ ಸಿಗುವ ಗುರಿ ದರಗಳು ಹೀಗಿರುತ್ತವೆ. ಗೆದ್ದ ಕಂಪನಿಯೇ 22 ಕೊಟ್ಟಿರುವಾಗ ಈ ಎತ್ತರದ ದರಗಳು ಎಲ್ಲಿಂದ ಬಂದವು, ಅವು ಏನನ್ನು ಅಳೆಯುತ್ತವೆ ಎಂದು ಕೇಳಲೇಬೇಕು.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿಲಿಯಂ ಸಾಲ್ಮನ್ 1987ರಲ್ಲಿ ಬರೆದ ಟಿಪ್ಪಣಿಯಿಂದ ಈ ಪದ್ಧತಿ ತರಗತಿಗಳಲ್ಲಿ ನೆಲೆಯೂರಿತು. ಅದರ ಹೆಜ್ಜೆಗಳು ಸರಳ. ಚಾಕಣದ ಬಿಡಿಭಾಗ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಹಿಂಜವಡಿಯ ಒಂದು ಸಣ್ಣ ಕಂಪನಿಯನ್ನು ಊಹಿಸಿಕೊಳ್ಳೋಣ. ಅದಕ್ಕೆ ಈಗ 8 ಕೋಟಿ ಬೇಕು. ಎಲ್ಲವೂ ಅಂದುಕೊಂಡಂತೆ ನಡೆದರೆ ಐದನೇ ವರ್ಷ 12 ಕೋಟಿ ಲಾಭ. ಅಂಥ ಕಂಪನಿಗಳು ಲಾಭದ 25 ಪಟ್ಟಿಗೆ ಮಾರಾಟವಾಗುತ್ತವೆ ಎಂದಿಟ್ಟುಕೊಂಡರೆ ಕೈಬಿಡುವ ದಿನದ ಬೆಲೆ 300 ಕೋಟಿ. ಹೂಡಿಕೆದಾರರ ಗುರಿ ವರ್ಷಕ್ಕೆ ಶೇಕಡಾ 60. ಆ ದರದಲ್ಲಿ ಒಂದು ರೂಪಾಯಿ ಐದು ವರ್ಷಕ್ಕೆ ಸುಮಾರು ಹತ್ತೂವರೆ ರೂಪಾಯಿ ಆಗಬೇಕು. 300ನ್ನು ಅದರಿಂದ ಭಾಗಿಸಿದರೆ 28.6 ಕೋಟಿ. ಹೊಸ ಹಣ ಸೇರಿದ ಮೇಲೆ ಕಂಪನಿಯ ಇಂದಿನ ಬೆಲೆ ಅಷ್ಟು. 8 ಕೋಟಿ ಹಾಕಿದವರಿಗೆ ಶೇಕಡಾ 28ರ ಪಾಲು. ಮುಂದಿನ ಸುತ್ತುಗಳಲ್ಲಿ ಹೊಸಬರು ಬಂದು ಹಳಬರ ಪಾಲು ಹತ್ತಕ್ಕೆ ಏಳಾಗಿ ಕರಗುವುದಿದ್ದರೆ, ಕೊನೆಗೆ 28 ಉಳಿಯಲು ಇಂದೇ 40 ಕೇಳಬೇಕು.

ಪಾಲು ಕರಗುವುದನ್ನು ಹೀಗೆ ಮೊದಲೇ ಎಣಿಸುವುದು ಈ ಪದ್ಧತಿಯ ನಿಜವಾದ ಗುಣ. ಬರೀ ಪಟ್ಟುಗಳ ಮಾತಾಡುವ ಎಷ್ಟೋ ಜನ ಇದನ್ನು ಮರೆಯುತ್ತಾರೆ. ದೋಷವಿರುವುದು 300 ಮತ್ತು 60 ಎಂಬ ಜೋಡಿಯಲ್ಲಿ.

300 ಕೋಟಿ ಎಂಬುದು ಕಂಪನಿ ಗೆದ್ದರೆ ಬರುವ ಬೆಲೆ. ಸೋಲೂ ಸಾಧ್ಯ ಎಂಬ ವಿಚಾರ ಆ ಅಂಕಿಯಲ್ಲಿಲ್ಲ. ಅದನ್ನು 60ರೊಳಗೆ ತುರುಕಲಾಗಿದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಶ್ವತ್ಥ್ ದಾಮೋದರನ್ ಈ ಗುರಿ ದರಗಳ ಮೇಲೆ ಬಹುಕಾಲದಿಂದ ಎತ್ತುತ್ತಿರುವ ಆಕ್ಷೇಪ ಇದೇ: ಹಣಕ್ಕೆ ಸಲ್ಲಬೇಕಾದ ಪ್ರತಿಫಲ ಒಂದು, ಕಂಪನಿ ಮುಚ್ಚಿಹೋಗುವ ಸಾಧ್ಯತೆ ಇನ್ನೊಂದು, ಎರಡನ್ನೂ ಒಂದೇ ದರದಲ್ಲಿ ಬೆರೆಸಿದರೆ ಯಾವುದು ಎಷ್ಟೆಂದು ಗೊತ್ತಾಗುವುದಿಲ್ಲ.

ಬೇರ್ಪಡಿಸಿ ನೋಡೋಣ. ನಮ್ಮ ಕಂಪನಿ 300 ಕೋಟಿ ಮುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. 60 ಕೋಟಿಗೆ ಯಾರಿಗೋ ಮಾರಾಟವಾಗುವ ಸಾಧ್ಯತೆಯೂ ನಾಲ್ಕರಲ್ಲಿ ಒಂದು. ಉಳಿದ ಅರ್ಧದಲ್ಲಿ ಏನೂ ಸಿಗುವುದಿಲ್ಲ. ಸರಾಸರಿ ನಿರೀಕ್ಷೆ 75 ಮತ್ತು 15 ಸೇರಿ 90 ಕೋಟಿ. ಸೋಲನ್ನು ಆಗಲೇ ಎಣಿಸಿಯಾಗಿದೆ, ಆದ್ದರಿಂದ ದರಕ್ಕೆ ಶೇಕಡಾ 25 ಸಾಕು ಎಂದಿಟ್ಟುಕೊಂಡರೆ ಇಂದಿನ ಬೆಲೆ 29.5 ಕೋಟಿ. ಮೊದಲಿನ ಲೆಕ್ಕಕ್ಕೆ ಬಹಳ ಹತ್ತಿರ! ಹಾಗಾದರೆ 60ಕ್ಕೆ ಅರ್ಥ ಸಿಕ್ಕಿತು: 25 ಹಣದ ಕೂಲಿ, ಮಿಕ್ಕದ್ದು ಸೋಲಿನ ಭಯ.

ಉತ್ತರ ಒಂದೇ ಆದರೆ ತಕರಾರೇಕೆ ಎನ್ನಬಹುದು. ಕಾಲ ಸ್ವಲ್ಪ ಸರಿದರೆ ವ್ಯತ್ಯಾಸ ಬಯಲಾಗುತ್ತದೆ. ಅದೇ 300 ಕೋಟಿಯ ಮಾರಾಟ ಐದು ವರ್ಷದ ಬದಲು ಎಂಟೂವರೆ ವರ್ಷಕ್ಕೆ ಬಂತೆನ್ನಿ. 60ರ ದರದಲ್ಲಿ ಬೆಲೆ ಐದೂವರೆ ಕೋಟಿಗೆ ಕುಸಿಯುತ್ತದೆ. ಬೇಕಾಗಿರುವ 8 ಕೋಟಿ ಹಣಕ್ಕಿಂತಲೂ ಕಡಿಮೆ, ಅಂದರೆ ಇಡೀ ಕಂಪನಿ ಬರೆದುಕೊಟ್ಟರೂ ಸಾಲದು. ಸೋಲನ್ನು ಬೇರೆಯಾಗಿ ಎಣಿಸಿದ ಲೆಕ್ಕದಲ್ಲಿ ಬೆಲೆ ಹದಿಮೂರೂವರೆ ಕೋಟಿ. ಗುರಿ ದರ ಸೋಲಿನ ಭಯವನ್ನು ಪ್ರತಿವರ್ಷವೂ ಅಷ್ಟೇ ಜೋರಾಗಿ ವಸೂಲಿ ಮಾಡುತ್ತದೆ. ನಿಜದಲ್ಲಿ ಆ ಅಪಾಯ ಮೊದಲ ಕೆಲವು ವರ್ಷಗಳಲ್ಲಿ ದಟ್ಟವಾಗಿದ್ದು, ಗಿರಾಕಿಗಳು ನಿಂತ ಮೇಲೆ ಇಳಿಯುತ್ತದೆ. ಹಾಗಾಗಿ ನಿಧಾನವಾಗಿ ಬೆಳೆಯುವ ಒಳ್ಳೆಯ ಕಂಪನಿಗೆ ಈ ಪದ್ಧತಿಯಿಂದ ಅತಿ ಹೆಚ್ಚು ಅನ್ಯಾಯ. ಕಾರ್ಖಾನೆಗಳಿಗೆ ಮಾರುವ, ಒಂದು ಆರ್ಡರ್‌ಗಾಗಿ ತಿಂಗಳುಗಟ್ಟಲೆ ಕಾಯಬೇಕಾದ ವ್ಯಾಪಾರಗಳು ಅಂಥವೇ.

ಫಸ್ಟ್‌ಕ್ರೈ ಅಂಕಿಗಳಿಗೇ ಇದನ್ನು ಹಚ್ಚಿ ನೋಡಬಹುದು. 2016ಕ್ಕೆ ಅದು ಆರು ವರ್ಷದ ಕಂಪನಿ. ಮಧ್ಯದ ಹಂತದ 40ರ ದರ ಅದಕ್ಕೆ ಒಪ್ಪುತ್ತದೆ. ಮುಂದೆ 465 ರೂಪಾಯಿ ಸಿಗುತ್ತದೆಂದು ಯಾರಿಗಾದರೂ ಆಗಲೇ ಖಚಿತವಾಗಿ ತಿಳಿದಿದ್ದು, ಅವರು ಈ ದರದಲ್ಲಿ ಹಿಂದಕ್ಕೆ ಲೆಕ್ಕ ಹಾಕಿದ್ದರೆ ಷೇರಿಗೆ 27 ರೂಪಾಯಿಗಿಂತ ಹೆಚ್ಚು ಕೊಡುತ್ತಿರಲಿಲ್ಲ. ರತನ್ ಟಾಟಾ ಕೊಟ್ಟದ್ದು ಅದರ ಮೂರು ಪಟ್ಟಿಗೂ ಹೆಚ್ಚು. 84.72 ಕೊಟ್ಟು 40 ಗಳಿಸಬೇಕಿದ್ದರೆ ಐಪಿಒ ಬೆಲೆ ಸುಮಾರು 1,480 ಆಗಬೇಕಿತ್ತು. ಅವರು ಇಲ್ಲಿ ಹಾಕಿದ್ದು ಸ್ವಂತ ಹಣ. ಅವರು ಈ ಲೆಕ್ಕ ಹಾಕಿದ್ದರೆಂದು ನಾನು ಹೇಳುತ್ತಿಲ್ಲ. ಭವಿಷ್ಯವನ್ನು ಸರಿಯಾಗಿ ಊಹಿಸಿದವರಿಗೂ ಈ ಪದ್ಧತಿ ಅಂದಿನ ನಿಜ ಬೆಲೆಯ ಮೂರರಲ್ಲೊಂದನ್ನು ಮಾತ್ರ ತೋರಿಸುತ್ತಿತ್ತು ಎಂಬುದಷ್ಟೇ ನನ್ನ ವಾದ.

ಹೀಗಿದ್ದೂ ವ್ಯವಹಾರಗಳು ಕುದುರುತ್ತವೆ, ಏಕೆಂದರೆ ಮೇಜಿನ ಆಚೆ ಕೂತವರೂ ಅಂಕಿ ಏರಿಸುತ್ತಾರೆ. ಸ್ಥಾಪಕರು 300ರ ಬದಲು 450 ಕೋಟಿ ಬರೆಯುತ್ತಾರೆ. ಹೂಡಿಕೆದಾರರು ದರವನ್ನು 73–74ಕ್ಕೆ ಏರಿಸಿದರೆ ಬೆಲೆ ಮತ್ತೆ 28.6 ಕೋಟಿಯ ಆಸುಪಾಸಿಗೇ ಬಂದು ನಿಲ್ಲುತ್ತದೆ. ಎರಡು ಉತ್ಪ್ರೇಕ್ಷೆಗಳು ಒಂದನ್ನೊಂದು ಹೊಡೆದುಹಾಕಿವೆ. ಇಂಥ ಕಡೆ ಲೆಕ್ಕ ಬೆಲೆಯನ್ನು ಹುಡುಕುತ್ತಿಲ್ಲ. ಮೊದಲೇ ಕುದುರಿದ ಬೆಲೆಗೆ ಸಮರ್ಥನೆ ಒದಗಿಸುತ್ತಿದೆ. ಇದಕ್ಕೊಂದು ಗುರುತಿದೆ: ಮುನ್ನೋಟದ ಅಂಕಿ ಬದಲಾದಾಗಲೆಲ್ಲ ಗುರಿ ದರವೂ ಬದಲಾಗಿ ಪಾಲು ಮಾತ್ರ ಅಷ್ಟೇ ಉಳಿದರೆ, ಆ ದರಕ್ಕೆ ಅಪಾಯದ ಜೊತೆ ಸಂಬಂಧವಿಲ್ಲ.

ಪ್ರತಿಫಲ ಬೇರೆ, ಸೋಲಿನ ಸಾಧ್ಯತೆ ಬೇರೆ ಎಂಬ ಭೇದವನ್ನು ನಮ್ಮ ಕಾನೂನೂ ಒಂದು ಹಂತದಲ್ಲಿ ಗುರುತಿಸಿತ್ತು. ಷೇರುಗಳ ಬೆಲೆ ಕುರಿತ ಆದಾಯ ತೆರಿಗೆಯ 11ಯುಎ ನಿಯಮಕ್ಕೆ 2023ರ ಸೆಪ್ಟೆಂಬರ್‌ನಲ್ಲಿ, ಅನಿವಾಸಿ ಹೂಡಿಕೆಗಾಗಿ, ಐದು ಹೊಸ ವಿಧಾನಗಳು ಸೇರಿದವು. ಅವುಗಳಲ್ಲಿ ಬೇರೆ ಬೇರೆ ಫಲಿತಾಂಶಗಳಿಗೆ ಸಾಧ್ಯತೆ ಕೊಟ್ಟು ತೂಗುವ ವಿಧಾನವಿತ್ತು. ವೆಂಚರ್ ಕ್ಯಾಪಿಟಲ್ ಪದ್ಧತಿ ಹೆಸರಿಸಿ ಸೇರಿರಲಿಲ್ಲ. ಆ ನಿಯಮಕ್ಕೆ ಕಾರಣವಾದ ಏಂಜೆಲ್ ತೆರಿಗೆಯನ್ನು 2024ರ ಬಜೆಟ್ ಕೈಬಿಟ್ಟಿತು. ಆದರೂ ಆ ಆಯ್ಕೆ ಸರಿಯಾಗಿತ್ತು.

ಚೌಕಾಸಿಯ ಆರಂಭದ ಅಂಕಿಗಾಗಿ ಈ ಪದ್ಧತಿ ಇರಲಿ. ಒಂದು ಸಂಜೆಯಲ್ಲಿ ಮುಗಿಯುವ ಲೆಕ್ಕ, ಪಾಲು ಕರಗುವುದನ್ನು ಕಣ್ಣಿಗೆ ತರುವ ಲೆಕ್ಕ. ಕಂಪನಿಯ ಮೌಲ್ಯ ಇದೇ ಎಂದು ಅದನ್ನು ಒಪ್ಪಬಾರದು. ಟರ್ಮ್ ಶೀಟ್‌ಗೆ ಸಹಿ ಹಾಕುವ ಮುನ್ನ ಸ್ಥಾಪಕರು ಒಂದೇ ಪ್ರಶ್ನೆ ಕೇಳಲಿ: ನಿಮ್ಮ 60ರಲ್ಲಿ ನಾವು ಸೋಲುತ್ತೇವೆಂಬುದಕ್ಕೆ ಎಷ್ಟು ಇಟ್ಟಿದ್ದೀರಿ? ಉತ್ತರ ಅಂಕಿಯಲ್ಲಿ ಬಂದರೆ ಅದರ ಮೇಲೆ ವಾದಿಸಬಹುದು, ಗಿರಾಕಿಗಳ ಕರಾರು ತೋರಿಸಿ ಇಳಿಸಬಹುದು. ಬರದಿದ್ದರೆ, ಕೇಳಿದ ಪಾಲಿಗೆ ಲೆಕ್ಕದ ಆಧಾರವಿಲ್ಲ ಎಂದು ತಿಳಿದೇ ಚೌಕಾಸಿ ಮಾಡಬಹುದು.