ಹದಿನೈದು ನಿರೂಪಕರು, ಎಷ್ಟು ದನಿಗಳು?

ವಿಲಿಯಂ ಫಾಕ್ನರ್ 1930ರಲ್ಲಿ ಪ್ರಕಟಿಸಿದ ‘ಆ್ಯಸ್ ಐ ಲೇ ಡೈಯಿಂಗ್’ ಕಾದಂಬರಿಯಲ್ಲಿ 59 ಅಧ್ಯಾಯಗಳಿದ್ದು, ಅವುಗಳನ್ನು 15 ಮಂದಿ ಹಂಚಿಕೊಂಡು ಹೇಳುತ್ತಾರೆ. ಅಮೆರಿಕದ ಮಿಸಿಸಿಪಿ ಸೀಮೆಯ ಬಡ ರೈತ ಕುಟುಂಬವೊಂದರ ತಾಯಿ ಆ್ಯಡಿ ತೀರಿಕೊಳ್ಳುತ್ತಾಳೆ. ತನ್ನ ತವರಿನವರ ನಡುವೆಯೇ ತನ್ನನ್ನು ಮಣ್ಣು ಮಾಡಬೇಕೆಂದು ಅವಳು ಕೇಳಿಕೊಂಡಿದ್ದರಿಂದ ಗಂಡ ಆ್ಯನ್ಸ್ ಮತ್ತು ಐವರು ಮಕ್ಕಳು ಶವಪೆಟ್ಟಿಗೆಯನ್ನು ಹೇಸರಗತ್ತೆಯ ಗಾಡಿಯಲ್ಲಿಟ್ಟುಕೊಂಡು, ಉಕ್ಕಿದ ಹೊಳೆಯನ್ನು ದಾಟಿ, ದೂರದ ಜೆಫರ್ಸನ್ ಪಟ್ಟಣಕ್ಕೆ ಹೋಗುತ್ತಾರೆ. ಕತೆ ಇಷ್ಟೇ. ಲೇಖಕ ಎಲ್ಲಿಯೂ ತಾನಾಗಿ ಮಾತನಾಡುವುದಿಲ್ಲ. ಪ್ರತಿ ಅಧ್ಯಾಯದ ನೆತ್ತಿಯ ಮೇಲೆ ಒಬ್ಬರ ಹೆಸರಿರುತ್ತದೆ, ಅದರ ಕೆಳಗೆ ಆ ವ್ಯಕ್ತಿಯ ಮನಸ್ಸಿನೊಳಗಿನ ಮಾತು, ಅಂದರೆ ಸ್ವಗತ, ಹರಿಯುತ್ತದೆ. ಹಾಗಿದ್ದಮೇಲೆ ವಿಮರ್ಶೆಯ ಮುಂದಿರುವ ಪ್ರಶ್ನೆ ನೇರವಾದುದು: ಹೆಸರುಗಳು ಹದಿನೈದಿದ್ದರೂ ದನಿಗಳು ನಿಜಕ್ಕೂ ಹದಿನೈದೇ, ಅಥವಾ ಫಾಕ್ನರ್‌ನ ಒಂದೇ ದನಿ ಬೇರೆಬೇರೆ ಹೆಸರುಗಳಲ್ಲಿ ಓಡಾಡುತ್ತಿದೆಯೇ?

ಈ ಪರೀಕ್ಷೆಗೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಉಪಾಯವೆಂದರೆ ಹೆಸರನ್ನು ಮುಚ್ಚಿ ಓದಿ, ಹೇಳುತ್ತಿರುವವರು ಯಾರೆಂದು ಊಹಿಸುವುದು. ಆದರೆ ಈ ಉಪಾಯ ಓದುಗನನ್ನು ಸುಲಭವಾಗಿ ಮೋಸಗೊಳಿಸುತ್ತದೆ, ಏಕೆಂದರೆ ಬಹುಪಾಲು ಅಧ್ಯಾಯಗಳನ್ನು ಗುರುತಿಸಲು ದನಿಯೇ ಬೇಕಾಗುವುದಿಲ್ಲ. ಬಡಗಿತನದ ಮಾತು ಬಂದರೆ ಅದು ಹಿರಿಯ ಮಗ ಕ್ಯಾಶ್, ಬೇಡದ ಬಸಿರಿನ ಚಿಂತೆ ಬಂದರೆ ಮಗಳು ಡ್ಯೂಯಿ ಡೆಲ್, ಮೀನಿನ ಮಾತು ಬಂದರೆ ಕಿರಿಯ ಹುಡುಗ ವಾರ್ಡಮನ್ ಎಂದು ವಸ್ತುವೇ ಹೇಳಿಬಿಡುತ್ತದೆ. ವಿಷಯದಿಂದ ಗುರುತಿಸಿದ್ದನ್ನು ದನಿಯಿಂದ ಗುರುತಿಸಿದ್ದೆಂದು ಭಾವಿಸುವುದು ಈ ಬಗೆಯ ವಿಮರ್ಶೆಯಲ್ಲಿ ಮೇಲಿಂದ ಮೇಲೆ ಕಾಣುವ ತಪ್ಪು. ಆದ್ದರಿಂದ ಹೆಚ್ಚು ನಂಬಬಹುದಾದ ದಾರಿಯೆಂದರೆ ಹಲವರು ಒಂದೇ ಘಟನೆಯನ್ನು ಹೇಳುವ ಭಾಗವನ್ನು ಆರಿಸಿಕೊಳ್ಳುವುದು. ಅಲ್ಲಿ ವಸ್ತು ಸಮಾನವಾಗಿರುವುದರಿಂದ ಉಳಿಯುವ ವ್ಯತ್ಯಾಸ ಹೇಳುವವರದೇ ಆಗಿರಬೇಕಾಗುತ್ತದೆ.

ಈ ಕಾದಂಬರಿಯಲ್ಲಿ ಅಂಥ ಘಟನೆ ಹೊಳೆ ದಾಟುವುದು. ಸೇತುವೆ ಮುಳುಗಿದೆ, ಗಾಡಿ ನಡುನೀರಿನಲ್ಲಿರುವಾಗ ತೇಲಿಬಂದ ಮರದ ದಿಮ್ಮಿಯೊಂದು ಬಡಿದು, ಗಾಡಿ ಮಗುಚಿ, ಹೇಸರಗತ್ತೆಗಳು ಸಾಯುತ್ತವೆ, ಕ್ಯಾಶ್‌ನ ಕಾಲು ಮುರಿಯುತ್ತದೆ. ಎರಡನೆಯ ಮಗ ಡಾರ್ಲ್ ಇದನ್ನು ಹೇಳುವಾಗ ಅವಸರವೇ ಇಲ್ಲ. ನೀರಿನ ಮೇಲ್ಮೈ, ಅಣ್ಣನ ಕಣ್ಣು ತನ್ನ ಕಣ್ಣನ್ನು ಸಂಧಿಸಿದ ಗಳಿಗೆ, ದೂರವು ಕಾಲದಂತೆ ತೋರುವ ಬಗೆ, ಇವೆಲ್ಲ ಉಪಮೆಯ ಮೇಲೆ ಉಪಮೆಯಾಗಿ ಬೆಳೆಯುತ್ತವೆ, ಅಪಾಯದ ನಡುವೆಯೂ ಅವನು ನೋಡುವುದನ್ನು ನಿಲ್ಲಿಸುವುದಿಲ್ಲ. ಮರು ಅಧ್ಯಾಯದಲ್ಲಿ ವಾರ್ಡಮನ್ ಅದನ್ನೇ ಹೇಳುವಾಗ ವಿರಾಮಚಿಹ್ನೆಗಳೇ ಉದುರಿಹೋಗುತ್ತವೆ, ಕ್ರಿಯೆಗಳು ಒಂದರ ಬೆನ್ನಿಗೊಂದು ಓಡುತ್ತವೆ, ಏಕೆ ಎಂಬುದಕ್ಕೆ ಜಾಗವೇ ಇರುವುದಿಲ್ಲ, ಡಾರ್ಲ್ ತಾಯಿಯನ್ನು ಹಿಡಿಯಲಿಲ್ಲವೆಂಬ ಒಂದೇ ಸಂಗತಿ ಮತ್ತೆ ಮತ್ತೆ ಬರುತ್ತದೆ. ನೆರೆಯ ರೈತ ಟಲ್ ದಡದಿಂದ ಕಂಡದ್ದನ್ನು ಆಮೇಲೆ ಹೆಂಡತಿ ಕೋರಾಳಿಗೆ ಹೇಳುವವನಾದುದರಿಂದ ಅವನ ಮಾತಿನಲ್ಲಿ ಸದಾ ಕೇಳುವವಳೊಬ್ಬಳು ಇರುತ್ತಾಳೆ; ದಿಮ್ಮಿಯಲ್ಲಿ ದೇವರ ಕೈಯನ್ನು ಕಾಣುವ ಅವಳಿಗೆ ಉತ್ತರಿಸುತ್ತ, ತನ್ನ ಅನುಮಾನವನ್ನು ಅಳೆದು ತೂಗಿ ಮುಂದಿಡುತ್ತಾನೆ. ಕೊನೆಗೆ ಕ್ಯಾಶ್‌ನ ಸರದಿ. ಕಾಲು ಮುರಿದುಕೊಂಡವನಿಗೆ ಸಿಕ್ಕಿರುವುದು ಕೆಲವೇ ಸಾಲುಗಳ ಅಧ್ಯಾಯ, ಅದರಲ್ಲಿ ನೋವಿನ ಸುದ್ದಿಯಿಲ್ಲ, ಪೆಟ್ಟಿಗೆ ಸಮತೂಕದಲ್ಲಿರಲಿಲ್ಲ, ಅದನ್ನು ತಾನು ಮೊದಲೇ ಹೇಳಿದ್ದೆ ಎಂಬುದಷ್ಟೇ ಇದೆ.

ಕ್ಯಾಶ್‌ನ ಈ ತಕರಾರಿಗೆ ಹಿನ್ನೆಲೆಯಿದೆ. ಅವನು ಪೆಟ್ಟಿಗೆಯನ್ನು ದೇಹದ ಆಕಾರಕ್ಕೆ ತಕ್ಕಂತೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿ ಮಾಡಿದ್ದ. ಹೆಂಗಸರು ಆ್ಯಡಿಯ ಮದುವೆಯ ಉಡುಪಿನ ಅಗಲವಾದ ಅಂಚು ಮುದುಡದಿರಲೆಂದು ಅವಳನ್ನು ತಲೆಕೆಳಗಾಗಿ ಮಲಗಿಸಿದರು, ಅದರಿಂದ ಭಾರ ತಪ್ಪು ಬದಿಗೆ ಬಿತ್ತು. ಈ ಸಂಗತಿಯನ್ನು ಓದುಗನಿಗೆ ತಿಳಿಸುವವನು ಟಲ್, ಅದರ ಭಾರ ಹೊತ್ತವನು ಕ್ಯಾಶ್. ದನಿ ಬೇರೆಯಾಗುವುದು ಪದಕೋಶದಿಂದಷ್ಟೇ ಅಲ್ಲ, ಗಮನ ಎಲ್ಲಿ ನೆಡುತ್ತದೆ ಎಂಬುದರಿಂದ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಪೆಟ್ಟಿಗೆಯ ಹಲಗೆಗಳನ್ನು ಓರೆಯಾಗಿ ಕೊರೆದು ಜೋಡಿಸಿದ್ದೇಕೆಂಬುದಕ್ಕೆ 13 ಕಾರಣಗಳನ್ನು ಸಂಖ್ಯೆ ಹಾಕಿ ಕೊಡುವ ಕ್ಯಾಶ್‌ನ ಮೊದಲ ಅಧ್ಯಾಯವೂ ಹಾಗೆಯೇ; ತಾಯಿ ಸತ್ತಿದ್ದಾಳೆಂಬ ಮಾತನ್ನು ಅವನು ನೇರವಾಗಿ ಆಡುವುದಿಲ್ಲ, ಮೊಳೆ, ಹಲಗೆ, ನೀರು, ಅಂಚು ಎಂದು ಆಡುತ್ತಾನೆ, ದುಃಖ ಆ ಲೆಕ್ಕದೊಳಗೇ ಇದೆ.

ಹೊಳೆಯ ಪರೀಕ್ಷೆಯಲ್ಲಿ ಕಾದಂಬರಿ ನಿಸ್ಸಂದೇಹವಾಗಿ ಗೆಲ್ಲುತ್ತದೆ. ಆದರೆ ಅದನ್ನು ಇಲ್ಲಿಗೇ ನಿಲ್ಲಿಸಿದರೆ ವಿಮರ್ಶೆ ಅರ್ಧದಲ್ಲೇ ಉಳಿಯುತ್ತದೆ, ಏಕೆಂದರೆ ಕಾದಂಬರಿಯ ಬೇರೆ ಕಡೆಗಳಲ್ಲಿ ದನಿಗಳು ಒಂದಕ್ಕೊಂದು ಬೆರೆಯುತ್ತವೆ. ಮೂರನೆಯ ಮಗ ಜ್ಯುವೆಲ್‌ನ ಕುದುರೆಯನ್ನು ಕತ್ತಲ ಕೊಟ್ಟಿಗೆಯಲ್ಲಿ ಕಂಡ ವಾರ್ಡಮನ್, ಅದು ಒಂದೇ ಆಕಾರವಾಗಿ ನಿಲ್ಲದೆ ವಾಸನೆ, ಶಬ್ದ, ಚರ್ಮದ ಮಚ್ಚೆಗಳಾಗಿ ಬಿಡಿಬಿಡಿಯಾಗುವುದನ್ನು ವರ್ಣಿಸುವಾಗ ಬಳಸುವ ಅಮೂರ್ತ ಪದಗಳು ಯಾವ ಹಳ್ಳಿಯ ಹುಡುಗನ ಬಾಯಲ್ಲೂ ಬರುವಂಥವಲ್ಲ. ತಾಯಿ ಮೀನೆಂದು ಒಂದೇ ವಾಕ್ಯದ ಅಧ್ಯಾಯದಲ್ಲಿ ಹೇಳುವ ಹುಡುಗನೂ ಇವನೇ. ಇಬ್ಬರೂ ಒಬ್ಬನೇ ಎಂದು ಓದುಗ ಒಪ್ಪಬೇಕೇ, ಅಥವಾ ಇಲ್ಲಿ ಲೇಖಕ ಹುಡುಗನನ್ನು ಪಕ್ಕಕ್ಕೆ ಸರಿಸಿ ತಾನೇ ಬಂದು ನಿಂತಿದ್ದಾನೆಂದು ದೂರಬೇಕೇ?

ದೂರುವ ಮೊದಲು ಇನ್ನೊಂದು ಲೆಕ್ಕ ಮಾಡಬೇಕು: ಈ ಎತ್ತರದ ಭಾಷೆ ಯಾರಿಗೆಲ್ಲ ದೊರೆತಿದೆ, ಯಾರಿಗೆ ದೊರೆತಿಲ್ಲ? ಲೇಖಕನ ದನಿ ಅಜಾಗರೂಕತೆಯಿಂದ ಸೋರಿದ್ದರೆ ಅದು ಎಲ್ಲೆಂದರಲ್ಲಿ ಸೋರಬೇಕಿತ್ತು, ಟಲ್‌ನ ಮಾತಿನಲ್ಲಿ, ಔಷಧಿ ಅಂಗಡಿಯ ಮೋಸ್ಲಿಯ ಮಾತಿನಲ್ಲಿ, ತನ್ನ ಹಣೆಬರಹವನ್ನು ದೂರುವ ಆ್ಯನ್ಸ್‌ನ ಮಾತಿನಲ್ಲಿ ಕೂಡ. ಅಲ್ಲಿ ಅದು ಇಲ್ಲ. ಸಾವಿನ ಬಗ್ಗೆ ತತ್ತ್ವದ ಮಾತಾಡುವ ಡಾಕ್ಟರ್ ಪೀಬಡಿ ಓದಿದವನಾದುದರಿಂದ ಅದು ಅವನಿಗೆ ಸಲ್ಲುತ್ತದೆ. ಹಾಗೆ ನೋಡಿದರೆ ಆ ಭಾಷೆ ಮುಖ್ಯವಾಗಿ ನಾಲ್ವರದು: ಡಾರ್ಲ್, ವಾರ್ಡಮನ್, ಡ್ಯೂಯಿ ಡೆಲ್ ಮತ್ತು ಸತ್ತ ಮೇಲೆ ಒಂದೇ ಒಂದು ಅಧ್ಯಾಯದಲ್ಲಿ ಮಾತನಾಡುವ ಆ್ಯಡಿ. ಪದಗಳೆಂದರೆ ಇಲ್ಲದುದನ್ನು ತುಂಬಲು ಇಟ್ಟ ಪೊಳ್ಳು ಆಕಾರಗಳೆಂದು ನಂಬಿದ ತಾಯಿಯ ಮಾತು, ಮಕ್ಕಳು ಆಡಲಾಗದೆ ಅನುಭವಿಸುವುದರ ಭಾಷೆಯಾಗಿ ಹರಿಯುತ್ತದೆ ಎಂಬ ವಿನ್ಯಾಸ ಇಲ್ಲಿ ಕಾಣುತ್ತದೆ. ಇದನ್ನು ವಿವರಿಸಲು ಎರಡು ಪದರಗಳನ್ನು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಒಂದು ಆಡುವ ಪದರ, ಅಂದರೆ ಆ ವ್ಯಕ್ತಿ ಬಾಯಿಬಿಟ್ಟರೆ ಹೊರಬರುವ ಮಾತು. ಇನ್ನೊಂದು ಕಾಣುವ ಪದರ, ಅಂದರೆ ಮಾತಾಗುವ ಮುನ್ನ ಮನಸ್ಸಿಗೆ ತಟ್ಟಿದ್ದು, ಅದಕ್ಕೆ ಆ ವ್ಯಕ್ತಿಯ ಬಳಿ ಪದವಿಲ್ಲದಿದ್ದಾಗ ಲೇಖಕ ಪದ ಒದಗಿಸುತ್ತಾನೆ. ವಾರ್ಡಮನ್‌ನ ಕುದುರೆ ಎರಡನೆಯ ಪದರಕ್ಕೆ ಸೇರಿದ್ದು. ಪದಗಳು ಫಾಕ್ನರ್‌ನವು, ಆದರೆ ಕತ್ತಲಲ್ಲಿ ಪರಿಚಿತ ವಸ್ತುವೊಂದು ಒಡೆದು ಚೂರಾಗುವುದನ್ನು ಕಂಡ ಭಯ ತಾಯಿಯ ದೇಹ ತಾಯಿಯಲ್ಲದಾದುದನ್ನು ಆಗತಾನೆ ಕಂಡ ಹುಡುಗನದೇ.

ಡಾರ್ಲ್‌ನ ವಿಷಯದಲ್ಲಿ ಈ ವಿನ್ಯಾಸ ಇನ್ನೂ ಗಟ್ಟಿ. 59ರಲ್ಲಿ 19 ಅಧ್ಯಾಯಗಳು ಅವನವೇ ಆಗಿರುವುದರಿಂದ, ಲೇಖಕನ ದನಿ ಎಂಬ ಆರೋಪ ಮೊದಲು ತಗಲುವುದು ಅವನಿಗೆ. ಅವನು ಮರ ಸಾಗಿಸಲು ದೂರ ಹೋಗಿರುವಾಗಲೇ ಮನೆಯಲ್ಲಿ ತಾಯಿ ಸಾಯುವ ದೃಶ್ಯವನ್ನು ಕಣ್ಣಾರೆ ಕಂಡಂತೆ ಹೇಳುತ್ತಾನೆ. ಎಲ್ಲವನ್ನೂ ಬಲ್ಲ ಸರ್ವಜ್ಞ ನಿರೂಪಕನ, ಅಂದರೆ ಕತೆಯ ಹೊರಗಿದ್ದು ಎಲ್ಲರ ಮನಸ್ಸನ್ನೂ ನೋಡಬಲ್ಲ ಲೇಖಕನ, ಅಧಿಕಾರವನ್ನು ಅವನು ಕಿತ್ತುಕೊಂಡಿದ್ದಾನೆ. ಫಾಕ್ನರ್ ಈ ಅಧಿಕಾರಕ್ಕೆ ಬೆಲೆ ತೆರಿಸುತ್ತಾನೆ. ತನ್ನ ಕೊನೆಯ ಅಧ್ಯಾಯದಲ್ಲಿ ಡಾರ್ಲ್ ಹುಚ್ಚಾಸ್ಪತ್ರೆಗೆ ಹೋಗುವ ರೈಲಿನಲ್ಲಿ ಕುಳಿತು ತನ್ನನ್ನೇ ‘ಅವನು’ ಎಂದು ಕರೆದುಕೊಳ್ಳುತ್ತಾನೆ. ಎಲ್ಲರೊಳಗೂ ಇಣುಕಿದ ಕಣ್ಣಿಗೆ ತನ್ನದೆಂಬ ಒಳಗು ಉಳಿದಿಲ್ಲ. ಅದೇ ಹೊತ್ತಿಗೆ ಲೆಕ್ಕ ಬರೆಯುತ್ತಿದ್ದ ಕ್ಯಾಶ್‌ನ ದನಿ ಹಿಗ್ಗುತ್ತದೆ. ತಮ್ಮನ ಹುಚ್ಚು ಹುಚ್ಚೇ ಅಲ್ಲವೇ ಎಂದು ತೂಗುವ ಅವನ ಉದ್ದದ ಮಾತಿನಲ್ಲೂ ಕೆಲಸದ ಅಚ್ಚುಕಟ್ಟುತನವೇ ಅಳತೆಗೋಲು. ದನಿ ಬದಲಾದರೂ ಅದೇ ವ್ಯಕ್ತಿಯದಾಗಿ ಉಳಿಯುವುದು ಬಹುನಿರೂಪಕ ಕಾದಂಬರಿಗಳಲ್ಲಿ ಅಪರೂಪ, ಇಲ್ಲಿ ಅದು ಸಾಧ್ಯವಾಗಿದೆ.

ಇಂಥ ಪರೀಕ್ಷೆಯನ್ನು ಎಣಿಕೆಯಿಂದಲೂ ಮಾಡುವುದುಂಟು. ಜಾನ್ ಬರೋಸ್ 1987ರಲ್ಲಿ ಪ್ರಕಟಿಸಿದ ಜೇನ್ ಆಸ್ಟನ್ ಕಾದಂಬರಿಗಳ ಅಧ್ಯಯನದಲ್ಲಿ, ಕಣ್ಣಿಗೆ ಬೀಳದ ಅತಿ ಸಾಮಾನ್ಯ ಸಣ್ಣ ಪದಗಳ ಬಳಕೆಯ ಪ್ರಮಾಣವೇ ಪಾತ್ರಗಳ ಮಾತನ್ನು ಬೇರ್ಪಡಿಸುತ್ತದೆ ಎಂದು ತೋರಿಸಿದರು. ಒಂದೇ ಅಧ್ಯಾಯ ಪಡೆದ ಜ್ಯುವೆಲ್‌ನಂಥವರಿಗೆ ಇದು ನೆರವಾಗದು, ಎಣಿಸಲು ಅಷ್ಟು ಮಾತೇ ಇಲ್ಲ. ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ: ಇಂಗ್ಲಿಷಿನ ಆ ಸಣ್ಣ ಪದಗಳ ಕೆಲಸವನ್ನು ಇಲ್ಲಿ ಬಹುಮಟ್ಟಿಗೆ ಪ್ರತ್ಯಯಗಳು ಮಾಡುತ್ತವೆ, ಹಾಗಾಗಿ ಬಿಡಿಪದ ಎಣಿಸಿದರೆ ದನಿ ಕೈಗೆ ಸಿಗುವುದಿಲ್ಲ. ಕನ್ನಡದ ಬಹುನಿರೂಪಕ ಕಾದಂಬರಿಯನ್ನು ಪರೀಕ್ಷಿಸುವವರು ಒಬ್ಬ ನಿರೂಪಕ ‘ಹೋಗಿ, ನೋಡಿ, ಕೇಳಿ’ ಎಂದು ಕ್ರಿಯೆಗಳನ್ನು ಪೋಣಿಸುತ್ತಾನೋ ಅಥವಾ ‘ಆದ್ದರಿಂದ’ ಎಂದು ಕಾರಣ ಕೊಡುತ್ತಾನೋ, ಕೇಳಿ ತಿಳಿದದ್ದನ್ನು ‘ಬಂದನಂತೆ’ ಎನ್ನುತ್ತಾನೋ ಅಥವಾ ‘ಬಂದನು’ ಎಂದೇ ಸಾಧಿಸುತ್ತಾನೋ, ‘ಅವಳೇ’ ಎಂಬ ಒತ್ತು ಯಾವ ಪದದ ಮೇಲೆ ಬೀಳುತ್ತದೆ ಎಂಬುದನ್ನು ನೋಡಬೇಕು. ಒಬ್ಬರಿಗೆ ಧಾರವಾಡದ ಮಾತು, ಇನ್ನೊಬ್ಬರಿಗೆ ಮಂಗಳೂರಿನ ಮಾತು ಕೊಟ್ಟ ಮಾತ್ರಕ್ಕೆ ದನಿ ಎರಡಾಗುವುದಿಲ್ಲ. ಆ ಎರಡು ಅಧ್ಯಾಯಗಳನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿದ ಮೇಲೂ ಬೇರೆಯಾಗಿ ಉಳಿದರೆ ಮಾತ್ರ ಅವು ಎರಡು. ಕ್ಯಾಶ್ ಮತ್ತು ಡಾರ್ಲ್ ಈ ಶೋಧನೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತಾರೆ.

ಡ್ಯೂಯಿ ಡೆಲ್ ಆಗುವುದಿಲ್ಲ. ಮೋಸ್ಲಿಯ ಅಂಗಡಿಯಲ್ಲಿ ಅವಳು ತನಗೆ ಬೇಕಾದುದನ್ನು ಹೇಳಲಾರದೆ ತಡವರಿಸುವುದನ್ನು ಅವನ ಕಣ್ಣಿನಿಂದ ಓದುಗ ನೋಡುತ್ತಾನೆ, ಆ ಕೆಲವೇ ಮಾತುಗಳಲ್ಲಿ ಅವಳು ಪೂರ್ಣವಾಗಿ ಜೀವಂತಳಾಗುತ್ತಾಳೆ. ಅವಳ ಸ್ವಂತ ಅಧ್ಯಾಯಗಳಲ್ಲಿಯೂ ಡಾಕ್ಟರ್ ಮನಸ್ಸು ಮಾಡಿದರೆ ತನಗೆಷ್ಟು ಸಹಾಯ ಮಾಡಬಹುದಿತ್ತೆಂಬ ಸುತ್ತುವ ಯೋಚನೆ ಅವಳದೇ. ಆದರೆ ಕೊಟ್ಟಿಗೆಯ ಕತ್ತಲಲ್ಲಿ ಮಣ್ಣು, ಬೀಜ, ಬಿಸಿ ಎಂದು ತನ್ನ ಬಸಿರನ್ನು ಅವಳು ರೂಪಕದಲ್ಲಿ ಕಾಣುವಾಗ, ಆ ಹೆಣ್ಣು-ನೆಲದ ಸಮೀಕರಣ ಹದಿನೇಳರ ಹುಡುಗಿಯೊಬ್ಬಳ ಭಯದಿಂದ ಹುಟ್ಟಿದ್ದಲ್ಲ, ಹೆಣ್ಣನ್ನು ಹೊರಗಿನಿಂದ ನೋಡುವ ಬರಹಗಾರನ ಹಳೆಯ ರೂಢಿಯಿಂದ ಬಂದದ್ದು. ಕಾಣುವ ಪದರ ಎಂಬ ವಿವರಣೆ ವಾರ್ಡಮನ್‌ನನ್ನು ಉಳಿಸಿತು, ಏಕೆಂದರೆ ಕುದುರೆಯನ್ನು ಕಂಡವನು ಅವನೇ. ಇಲ್ಲಿ ಪದವಷ್ಟೇ ಅಲ್ಲ, ಕಾಣುವ ಕಣ್ಣೂ ಅವಳದಲ್ಲ.