ಯಾವ ಕೈ, ಯಾವ ರುಚಿ

ಅಜ್ಜಿಯ ಪುಣ್ಯತಿಥಿಯ ದಿನ ಫೋಟೊದ ಕೆಳಗೆ ಬರೆಯುವ ನಾಲ್ಕು ಸಾಲನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ದುಃಖದಲ್ಲಿ ಬರೆದ ಮಾತನ್ನು ತೂಗಿ ನೋಡುವುದು ಸರಿಯಲ್ಲ ಎಂಬ ಸಂಕೋಚ ನಮಗೆಲ್ಲ ಇದೆ. ಆದರೆ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬ ಹೆಂಗಸಿನ ಬಗ್ಗೆ ಬರವಣಿಗೆಯಲ್ಲಿ ಉಳಿಯುವುದು ಆ ನಾಲ್ಕೇ ಸಾಲು. ಅವಳು ಪತ್ರ ಬರೆದವಳಲ್ಲ, ದಿನಚರಿ ಇಟ್ಟವಳಲ್ಲ. ಹಾಗಾಗಿ ಆ ಸಾಲುಗಳು ಚೆನ್ನಾಗಿವೆಯೋ ಇಲ್ಲವೋ ಎಂದು ಕೇಳಲೇಬೇಕು.

ಪತ್ರಿಕೆಯ ಪುಣ್ಯಸ್ಮರಣೆ ಜಾಹೀರಾತಿನಿಂದ ಮೊಬೈಲಿನ ಸ್ಟೇಟಸ್‌ವರೆಗೆ ಸಾಮಾನ್ಯವಾಗಿ ಕಾಣುವ ಮಾದರಿ ಇದು: ‘ಅಜ್ಜಿ, ನೀನಿಲ್ಲದೆ ಒಂದು ವರ್ಷ. ನಿನ್ನ ಕೈರುಚಿ, ನೀನು ಹೇಳುತ್ತಿದ್ದ ಕತೆಗಳು ಸದಾ ನಮ್ಮ ನೆನಪಿನಲ್ಲಿ.’ ಬರೆದವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಮೇಲಿನ ಫೋಟೊ ತೆಗೆದು ಪಕ್ಕದ ಮನೆಯ ಅಜ್ಜಿಯದನ್ನು ಇಟ್ಟರೂ ಇದರಲ್ಲಿ ಒಂದಕ್ಷರ ಬದಲಿಸಬೇಕಾಗಿಲ್ಲ. ಕೈರುಚಿ ಇತ್ತು ಎನ್ನುತ್ತದೆ, ಯಾವ ಪದಾರ್ಥ ಎನ್ನುವುದಿಲ್ಲ. ಕತೆ ಹೇಳುತ್ತಿದ್ದಳು ಎನ್ನುತ್ತದೆ, ಒಂದು ಕತೆಯ ಸುಳಿವನ್ನೂ ಕೊಡುವುದಿಲ್ಲ.

ಇದಕ್ಕೆ ಎದುರಾಗಿ, ಕುಮಟಾ ತಾಲೂಕಿನ ಹವ್ಯಕ ಮನೆಯೊಂದರ ಮೊಮ್ಮಗಳು ಬರೆದದ್ದು ಹೀಗಿದೆ: ‘ಅಮ್ಮಮ್ಮ ಹೋಗಿ ಇಂದಿಗೆ ಮೂರು ವರ್ಷ. ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ, ಇದು ಭರಣಿಗೆ, ಇದು ಅಪ್ಪೆಹುಳಿಗೆ ಎಂದು ಬೇರೆ ಮಾಡುತ್ತಿದ್ದಳು. ಪೆಟ್ಟಾದ ಮಿಡಿ ಹೆಕ್ಕುವುದು ಮಕ್ಕಳ ಕೆಲಸ. ನಮಗೆ ನಿದ್ದೆ ಬರಬಾರದೆಂದು ಏಳು ಮಲ್ಲಿಗೆ ತೂಕದ ರಾಜಕುಮಾರಿಯ ಕತೆ. ಬುಟ್ಟಿ ಖಾಲಿಯಾಗುವ ತನಕ ರಾಜಕುಮಾರಿಗೆ ಮದುವೆಯಾಗುತ್ತಿರಲಿಲ್ಲ.’

ಇದರಲ್ಲಿ ‘ಕೈರುಚಿ’ ಎಂಬ ಶಬ್ದವಿಲ್ಲ, ಕೈ ಇದೆ. ಅಪ್ಪೆಮಿಡಿಯ ವ್ಯವಹಾರ ಗೊತ್ತಿದ್ದವರಿಗೆ ಆ ಸೊನೆ ಮೂಸುವ ಮಾತು ಎಷ್ಟು ನಿಖರ ಎಂದು ತಿಳಿಯುತ್ತದೆ. ಅಘನಾಶಿನಿ, ಶರಾವತಿ ದಂಡೆಯ ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ. ಜೀರಿಗೆಯ ಪರಿಮಳ ಇದ್ದದ್ದಕ್ಕೆ ಜೀರಿಗೆ ಮಿಡಿ ಎಂದೇ ಹೆಸರು. ಪರಿಮಳ ಇರುವುದು ತೊಟ್ಟಿನ ಸೊನೆಯಲ್ಲಿ, ಅದನ್ನು ಮೂಗೇ ಹೇಳಬೇಕು. ಕೊಯ್ಯುವಾಗ ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ಉಪ್ಪಿನಲ್ಲಿ ಹಾಕಿದ ಮೇಲೆ ಅದು ಮೆತ್ತಗಾಗಿ ಕೊಳೆಯುತ್ತದೆ, ಸುತ್ತಲಿನದನ್ನೂ ಕೆಡಿಸುತ್ತದೆ. ಹಾಗಾಗಿ ಹೆಕ್ಕುವ ಕೆಲಸ ಮಕ್ಕಳ ಕೈಗೆ ಹೋದರೂ ಹುಡುಗಾಟದ್ದಲ್ಲ. ಬೇಸರ ಬಂದು ಒಂದು ಮಿಡಿ ತಪ್ಪಿದರೂ ವರ್ಷದ ಭರಣಿಗೆ ಅಪಾಯ. ಕತೆ ಅಲ್ಲಿ ಬೇಕಾದದ್ದು ಅದಕ್ಕೆ.

ಈ ಬರಹದ ದೊಡ್ಡ ಗುಣ ಇದೇ. ಅಡುಗೆಮನೆ ಒಂದು ನೆನಪು, ಕತೆ ಇನ್ನೊಂದು ನೆನಪು ಎಂದು ಅದು ಬೇರೆಬೇರೆ ಇಡಲಿಲ್ಲ. ಕೆಲಸ ಸಾಗಲೆಂದು ಕತೆ ಉದ್ದವಾಗುತ್ತಿತ್ತು, ಕತೆಯ ಆಸೆಗೆ ಕೆಲಸ ಸಾಗುತ್ತಿತ್ತು. ರಾಜಕುಮಾರಿಯ ಮದುವೆಯನ್ನು ಬುಟ್ಟಿ ತೀರ್ಮಾನಿಸುತ್ತಿತ್ತು.

ಎ. ಕೆ. ರಾಮಾನುಜನ್ ಕನ್ನಡ ಜನಪದ ಕತೆಗಳ ಬಗ್ಗೆ ಬರೆಯುವಾಗ ಗುರುತಿಸಿದ ಒಂದು ಸಂಗತಿ ಇಲ್ಲಿ ನೆರವಿಗೆ ಬರುತ್ತದೆ. ಅಡುಗೆಮನೆಯಲ್ಲಿ ಮುದುಕಿಯರು ಮಕ್ಕಳಿಗೆ ತುತ್ತು ಕೊಡುತ್ತ ಹೇಳುವ ಕತೆಗಳಲ್ಲಿ ಪಾತ್ರಗಳಿಗೆ ಹೆಸರಿರುವುದಿಲ್ಲ. ಒಂದೂರು, ಒಬ್ಬ ರಾಜ, ಅವನಿಗೆ ಇಬ್ಬರು ಹೆಂಡಿರು, ಅಷ್ಟೇ. ಅದೇ ಕತೆ ಮನೆಯಿಂದ ಹೊರಗೆ ಬಂದು ವೃತ್ತಿಗಾರರ ಬಾಯಿಗೆ ಬಿದ್ದರೆ ಹೆಸರು, ಊರು, ವಂಶ ಎಲ್ಲ ಸೇರಿಕೊಳ್ಳುತ್ತವೆ. ನಮ್ಮ ಕರಾವಳಿಯವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಹೊನ್ನಾವರದ ಗುಣವಂತೆಯಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟ ನೋಡಿದವರಿಗೆ ಗೊತ್ತು, ರಂಗಕ್ಕೆ ಬಂದ ವೇಷ ಮೊದಲು ತಾನು ಯಾರು, ಯಾರ ಮಗ, ಯಾವ ದೇಶದವನು ಎಂದು ಹೇಳಿಕೊಳ್ಳುತ್ತದೆ. ಅದೇ ಊರಿನ ಒಲೆಯ ಮುಂದಿನ ರಾಜನಿಗೆ ಹೆಸರೇ ಇಲ್ಲ.

ಹಾಗಾದರೆ ಅಜ್ಜಿಯ ಕತೆಯನ್ನು ಅವಳದೇ ಎಂದು ಗುರುತಿಸುವುದು ಯಾವುದರಿಂದ? ಸಾರಾಂಶದಿಂದ ಸಾಧ್ಯವಿಲ್ಲ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇತ್ತು ಎಂದು ಬರೆದರೆ ಅದು ಎಲ್ಲ ಅಜ್ಜಿಯರದ್ದೂ ಹೌದು. ಹೇಳಿದ ಹೊತ್ತು, ಆಗ ಕೈಯಲ್ಲಿದ್ದ ಕೆಲಸ, ಅವಳು ಎಲ್ಲಿ ನಿಲ್ಲಿಸುತ್ತಿದ್ದಳು, ಯಾವ ಮಗು ಅಳುತ್ತದೆಂದು ಎಲ್ಲಿ ಕತೆ ತಿರುಗಿಸುತ್ತಿದ್ದಳು, ಇವು ಮಾತ್ರ ಅವಳವು. ಕುಮಟೆಯ ಮೊಮ್ಮಗಳು ಕತೆಯ ಸಾರಾಂಶ ಬರೆಯದೆ ಬುಟ್ಟಿಯನ್ನು ಬರೆದದ್ದು ಸರಿ.

ಭಟ್ಕಳದಲ್ಲಿ ಈ ಬರಹದ ರೂಪ ಬೇರೆ. ನವಾಯತ ಮನೆಗಳಲ್ಲಿ ಫೋಟೊಕ್ಕೆ ಹಾರ ಹಾಕುವ ರೂಢಿಯಿಲ್ಲ, ದುಆ ಮುಖ್ಯ. ಆದರೂ ದುಬೈಯಲ್ಲಿರುವ ಮೊಮ್ಮಕ್ಕಳು ಅಜ್ಜಿಯನ್ನು ನೆನೆಯುವಾಗ ‘ಅವಳ ಬಿರಿಯಾನಿ’ ಎಂದು ಬಿಡುವ ಅಪಾಯ ಅಲ್ಲಿಯೂ ಇದೆ. ಭಟ್ಕಳದ ಬಿರಿಯಾನಿಯ ಜೀವ ಇರುವುದು ಹೇರಳ ಈರುಳ್ಳಿಯನ್ನು ಹೊತ್ತುಗಟ್ಟಲೆ ಬಾಡಿಸಿ ಮಾಡಿದ ಮಸಾಲೆಯಲ್ಲಿ. ಅನ್ನ ಆಮೇಲೆ ಅದರ ಮೇಲೆ ಕೂರುತ್ತದೆ. ಈರುಳ್ಳಿ ಹೆಚ್ಚುವ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಯಾರಿದ್ದರು, ಏನು ಮಾತಾಡಿದರು ಎಂಬುದನ್ನು ಒಂದು ಸಾಲು ಬರೆದಿದ್ದರೆ ಅಜ್ಜಿ ಎದ್ದು ಬರುತ್ತಿದ್ದಳು.

ಇನ್ನೊಂದು ಆಕ್ಷೇಪ ನನಗೆ ಮುಖ್ಯ. ಈ ಬರಹಗಳನ್ನು ಬರೆಯುವವರು ಉಂಡವರು, ಬಡಿಸಿದವರಲ್ಲ. ಆದ್ದರಿಂದ ರುಚಿ ಬರುತ್ತದೆ, ಹೊಗೆ ಬರುವುದಿಲ್ಲ. ಮಳೆಗಾಲದ ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪಾದದ್ದು, ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದದ್ದನ್ನು ಅವಳು ಉಂಡದ್ದು, ಮುಟ್ಟಿನ ಮೂರು ದಿನ ಮಾತ್ರ ಒಲೆಯಿಂದ ಬಿಡುಗಡೆ ಸಿಕ್ಕಿದ್ದು ಯಾವ ಪುಣ್ಯಸ್ಮರಣೆಯಲ್ಲೂ ಇಲ್ಲ. ಕುಮಟೆಯ ಬರಹವೂ ಇಲ್ಲಿ ಪೂರ್ತಿ ಪಾರಾಗುವುದಿಲ್ಲ. ಆದರೆ ಅದು ಅವಳನ್ನು ಅನ್ನಪೂರ್ಣೆ ಎಂದು ಮೇಲಕ್ಕೇರಿಸಲಿಲ್ಲ, ಕೆಲಸ ಗೊತ್ತಿದ್ದ, ಮಕ್ಕಳಿಂದ ಕೆಲಸ ತೆಗೆಯಲು ಬಲ್ಲ ಹೆಂಗಸಾಗಿ ತೋರಿಸಿತು. ಅನ್ನಪೂರ್ಣೆ ಎಂದೊಡನೆ ಆಯಾಸ ಪಡುವ ಹಕ್ಕೂ ಅವಳ ಕೈತಪ್ಪುತ್ತದೆ.

ಆ ಬರಹದಲ್ಲಿ ನನಗೆ ಕಾಣುವ ಕೊರತೆ ಒಂದಿದೆ, ಅದು ಅವಳ ತವರು. ಕತೆಗಳು ಗಂಡನ ಮನೆಯಲ್ಲಿ ಹುಟ್ಟಿದವಲ್ಲ. ಮದುವೆಯಾಗಿ ಬರುವಾಗ ಹೆಂಗಸರು ತಮ್ಮ ಊರಿನ ಕತೆಯನ್ನು, ತಂಬುಳಿಯ ಸೊಪ್ಪನ್ನು, ಉಪ್ಪಿನಕಾಯಿಯ ಹದವನ್ನು ಜೊತೆಗೆ ತಂದರು. ಕುಮಟೆಯ ಜಾನಪದ ವಿದ್ವಾಂಸ ಡಾ. ಎಲ್. ಆರ್. ಹೆಗಡೆಯವರು ಜಿಲ್ಲೆಯ ಕತೆಗಳನ್ನು ಸಂಗ್ರಹಿಸಿದಾಗ ಹೇಳಿದವರ ಹೆಸರನ್ನೂ ಊರನ್ನೂ ದಾಖಲಿಸುತ್ತಿದ್ದರು. ಹೇಳಿದವರು ಯಾರೆಂದು ತಿಳಿಯದಿದ್ದರೆ ಕತೆ ಯಾವ ದಾರಿಯಲ್ಲಿ ಬಂತು ಎಂಬುದು ತಿಳಿಯುವುದಿಲ್ಲ. ನಮ್ಮ ಪುಣ್ಯಸ್ಮರಣೆಗಳಲ್ಲಿ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು ಎಂದು ಪಟ್ಟಿ ಉದ್ದವಾಗಿರುತ್ತದೆ, ಅಜ್ಜಿ ಯಾವ ಊರಿನ ಮಗಳು ಎಂಬುದಕ್ಕೆ ಜಾಗವಿರುವುದಿಲ್ಲ. ಕುಮಟೆಯ ಆ ಮೊಮ್ಮಗಳಿಗೆ ಹೇಳುವುದಿಷ್ಟು: ಅಮ್ಮಮ್ಮನ ತಂಗಿಯೋ ನಾದಿನಿಯೋ ಇನ್ನೂ ಇದ್ದರೆ ಬರುವ ತಿಥಿಗೆ ಮೊದಲು ಹೋಗಿ, ಆ ರಾಜಕುಮಾರಿಯ ಕತೆಯನ್ನು ಅವಳಿಗೆ ಹೇಳಿದವರು ಯಾರು ಎಂದು ಕೇಳಿ, ಆ ಹೆಸರನ್ನೂ ಊರನ್ನೂ ನಾಲ್ಕು ಸಾಲಿನಲ್ಲಿ ಸೇರಿಸಬೇಕು.